ಪ್ರಿಂಟರ್ ಕಟಕಟ, ಗರಗರ ಅಂದರೆ ಯಾವುದಕ್ಕೆ ಹೆದರಬೇಕು?

ಪ್ರಶ್ನೆ: ಸರ್, ನಾನು ಊರಲ್ಲಿ ಒಂದು ಸಣ್ಣ ಆನ್‌ಲೈನ್ ಸೆಂಟರ್ ನಡೆಸ್ತಿದ್ದೀನಿ. ಕಲರ್‌ಗೆ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ, ಬ್ಲ್ಯಾಕ್ ಅಂಡ್ ವೈಟ್‌ಗೆ ಹಳೇ ಲೇಸರ್. ಇಂಕ್ ಟ್ಯಾಂಕ್‌ನದ್ದು ಬೆಳಿಗ್ಗೆ ಆನ್ ಮಾಡಿದ್ರೆ ಒಂದು ನಿಮಿಷ ಗರಗರ ಅನ್ನುತ್ತೆ. ಪೇಪರ್ ಎಳೆಯೋವಾಗ ಕಟ್ ಕಟ್ ಅಂತ ಎರಡು ಮೂರು ಸಲ ಒದ್ದಾಡುತ್ತೆ. ಈ ವಾರದಿಂದ ಕೆಲವು ಸಲ ಬಲಗಡೆ ಢಬ್ ಅಂತ ಬಡಿದು, ಕೆಂಪು ಲೈಟ್ ಮಿನುಗಿ ನಿಂತುಬಿಡುತ್ತೆ. ಲೇಸರ್‌ಗೆ ಟೋನರ್ ರೀಫಿಲ್ ಮಾಡಿಸಿದ ಮೇಲೆ ಕಿರ್ ಅನ್ನೋ ಸದ್ದು ಶುರುವಾಗಿದೆ. ಇದರಲ್ಲಿ ಯಾವುದನ್ನ ಸುಮ್ನೆ ಬಿಡಬಹುದು, ಯಾವುದಕ್ಕೆ ರಿಪೇರಿಗೆ ಕೊಡಬೇಕು?

ಉತ್ತರ: ಬೆಳಗಿನ ಗರಗರವನ್ನು ಬಿಟ್ಟುಬಿಡಿ. ಪೇಪರ್ ಎಳೆಯುವ ಕಟ್ ಕಟ್ ನೀವೇ ಹತ್ತು ನಿಮಿಷದಲ್ಲಿ ಸರಿಮಾಡಿಕೊಳ್ಳುವಂಥದ್ದು. ಢಬ್ ಅನ್ನುವುದನ್ನು ಮಾತ್ರ ಮುಂದೂಡಬೇಡಿ, ಅದು ನಿಲ್ಲುವವರೆಗೆ ಆ ಪ್ರಿಂಟರಿನಲ್ಲಿ ಕೆಲಸ ತೆಗೆಯಬೇಡಿ. ಲೇಸರಿನ ಕಿರ್ ಸದ್ದಿಗೆ ಸ್ವಲ್ಪ ಕಾದು ನೋಡಬೇಕು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮ ಹತ್ತಿರ ಬರುವವರು ಸದ್ದು ಹೇಗಿದೆ ಅಂತ ಬಾಯಲ್ಲೇ ಮಾಡಿ ತೋರಿಸುತ್ತಾರೆ. ಆದರೆ ಒಬ್ಬರ ಕಟಕಟ ಇನ್ನೊಬ್ಬರಿಗೆ ಗರಗರ. ಅದಕ್ಕೇ ನಾನು ಮೊದಲು ಕೇಳುವುದು ಸದ್ದು ಯಾವಾಗ ಬರುತ್ತದೆ ಅಂತ. ಆನ್ ಮಾಡಿದಾಗಲೋ, ಪೇಪರ್ ಒಳಗೆ ಹೋಗುವಾಗಲೋ, ಹೆಡ್ ಓಡಾಡುವಾಗಲೋ, ಪೇಪರ್ ಹೊರಗೆ ಬರುವಾಗಲೋ? ಮನೆ, ಅಂಗಡಿಗಳಲ್ಲಿರುವ ಸಣ್ಣ ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಸ್ಕ್ಯಾನರಿನದ್ದು ಬಿಟ್ಟರೆ ಸಾಮಾನ್ಯವಾಗಿ ಎರಡೇ ಮುಖ್ಯ ಮೋಟಾರ್. ಒಂದು ಹೆಡ್ ಇರುವ ಕ್ಯಾರೇಜನ್ನು ಬೆಲ್ಟಿನಿಂದ ಎಡಕ್ಕೂ ಬಲಕ್ಕೂ ಎಳೆಯುತ್ತದೆ. ಇನ್ನೊಂದು ಪೇಪರ್ ರೋಲರ್‌ಗಳನ್ನು ತಿರುಗಿಸುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಹೆಡ್ ಕ್ಲೀನ್ ಮಾಡುವ ಪಂಪನ್ನೂ ಅದೇ ತಿರುಗಿಸುತ್ತದೆ. ಆ ಗಳಿಗೆಯಲ್ಲಿ ಏನು ಓಡುತ್ತಿದೆ ಅಂತ ಗೊತ್ತಾದರೆ ಸದ್ದು ಎಲ್ಲಿಂದ ಅನ್ನುವುದು ಅರ್ಧ ಗೊತ್ತಾದ ಹಾಗೇ.

ಬೆಳಗಿನ ಗರಗರ ಇದೇ ಪಂಪಿನದ್ದು. ಬಲಗಡೆ ಮೂಲೆಯಲ್ಲಿ ಹೆಡ್ ಬಂದು ಕೂರುವ ಜಾಗವಿದೆ. ಅಲ್ಲಿ ಒಂದು ರಬ್ಬರ್ ಕ್ಯಾಪ್, ಅದರ ಪಕ್ಕದಲ್ಲಿ ಹೆಡ್ ಒರೆಸುವ ರಬ್ಬರ್ ಪಟ್ಟಿ, ಕ್ಯಾಪಿನ ಕೆಳಗೆ ಒಂದು ಸಣ್ಣ ಟ್ಯೂಬ್. ಪಂಪಿನೊಳಗಿನ ರೋಲರ್ ಆ ಟ್ಯೂಬನ್ನು ಒತ್ತುತ್ತಾ ಸುತ್ತುತ್ತದೆ, ಹೆಡ್ಡಿನಿಂದ ಸ್ವಲ್ಪ ಇಂಕನ್ನು ಕೆಳಗೆ ಹೀರುತ್ತದೆ. ಗಿಯರ್‌ಗಳೆಲ್ಲ ಒಟ್ಟಿಗೆ ತಿರುಗುವುದರಿಂದ ಸದ್ದು ಜಾಸ್ತಿಯೇ. ಮಧ್ಯೆ ಒಂದೆರಡು ಸಲ ಕ್ಲಿಕ್ ಅನ್ನುವುದು ಹೆಡ್ಡನ್ನು ಹಿಡಿದಿಡುವ ಲಾಕ್ ಬಿಟ್ಟಿದ್ದು. ಆಫ್ ಮಾಡುವಾಗ ಬರುವ ಟಕ್ ಕೂಡ ಅದೇ ಲಾಕ್ ಬಿದ್ದಿದ್ದು. ಎರಡು ಮೂರು ದಿನ ಅಂಗಡಿ ಮುಚ್ಚಿದ್ದರೆ ಈ ಕ್ಲೀನಿಂಗ್ ಇನ್ನೂ ಉದ್ದ ಆಗಬಹುದು. ಪ್ರಿಂಟರ್ ತಾನಾಗೇ ನಿಂತು ಹಸಿರು ಲೈಟ್ ಸ್ಥಿರವಾಗಿ ಹತ್ತಿದರೆ ಯೋಚನೆ ಬೇಡ.

ಇಲ್ಲೊಂದು ಮಾತು ಹೇಳಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ. ಪ್ರಿಂಟರಿನ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ ಹೋಗಿ ಕ್ಯಾಪಿನ ಮೇಲೆ ಸರಿಯಾಗಿ ಕೂರುತ್ತದೆ. ಕೆಲಸದ ಮಧ್ಯೆ ಗೋಡೆಯ ಸ್ವಿಚ್ ಆರಿಸಿದರೆ ಎಲ್ಲಿದೆಯೋ ಅಲ್ಲೇ ನಿಂತು ಹೆಡ್ ಒಣಗುತ್ತದೆ. ಮಾರನೇ ದಿನ ಅದೇ ಕಾರಣಕ್ಕೆ ಗರಗರ ಜಾಸ್ತಿ, ಇಂಕ್ ಖರ್ಚೂ ಜಾಸ್ತಿ. ಹೀರಿದ ಇಂಕೆಲ್ಲ ಕೆಳಗಿನ ವೇಸ್ಟ್ ಪ್ಯಾಡಿಗೆ ಹೋಗುತ್ತದೆ, ಅದು ಬೇಗ ತುಂಬುತ್ತದೆ. ಮೊದಲು ಬಟನ್ ಒತ್ತಿ, ಲೈಟ್ ಪೂರ್ತಿ ಆರಿದ ಮೇಲೆ ಮೇನ್ ತೆಗೆಯಿರಿ.

ಇನ್ನು ಪೇಪರ್ ಎಳೆಯುವ ಕಟ್ ಕಟ್. ಒಂದು ಹಾಳೆಗೆ ಒಂದು ಕಟ್ ಬಂದು ಹಾಳೆ ಒಳಗೆ ಹೋದರೆ ಅದು ಸರಿಯಾದ ಸದ್ದು. ಹಾಳೆಗಳ ಕಟ್ಟನ್ನು ರೋಲರಿನ ಕಡೆ ಒತ್ತುವ ತಟ್ಟೆ ಎದ್ದು ಕೂತ ಶಬ್ದ ಅದು. ನಿಮ್ಮದು ಎರಡು ಮೂರು ಸಲ ಬರುತ್ತದೆ ಅಂದರೆ ರೋಲರ್ ಹಾಳೆಯ ಮೇಲೆ ಜಾರುತ್ತಿದೆ, ಪ್ರಿಂಟರ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಿದೆ. ಸದ್ದಿನಿಂದ ಏನೂ ಮುರಿಯುವುದಿಲ್ಲ. ಆದರೆ ಹಾಗೇ ಬಿಟ್ಟರೆ ನಾಳೆ ಹಾಳೆ ಸೊಟ್ಟ ಹೋಗುತ್ತದೆ, ನಾಡಿದ್ದು ಜಾಮ್ ಆಗುತ್ತದೆ.

ಕಾರಣ ರೋಲರಿನ ರಬ್ಬರ್ ಮೇಲೆ ಕೂತ ಹಾಳೆಯ ಪುಡಿ. ಪೇಪರಿನ ಬಿಳಿ ಧೂಳು ರಬ್ಬರಿಗೆ ಅಂಟಿ ಅದು ನುಣುಪಾಗುತ್ತದೆ. ನಲ್ಲಿ ನೀರಿನಲ್ಲಿ ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ, ರೋಲರನ್ನು ಒಂದು ಪೂರ್ತಿ ಸುತ್ತು ಒರೆಸಿ. ಬಟ್ಟೆ ಕಪ್ಪಗಾಗುವುದು ನಿಂತ ಮೇಲೆ ಒಣಗಲು ಬಿಡಿ. ಥಿನ್ನರ್, ಪೆಟ್ರೋಲ್ ಹಾಕಬೇಡಿ, ರಬ್ಬರ್ ಬಿರಿಯುತ್ತದೆ. ಆಮೇಲೆ ಹಾಳೆಗಳ ಪಕ್ಕದ ಗೈಡ್ ನೋಡಿ. ಅದನ್ನು ಹಾಳೆಗೆ ಒತ್ತಿ ಬಿಗಿ ಮಾಡಿದ್ದರೆ ರೋಲರ್ ಎಷ್ಟೇ ಹೊಸದಾಗಿದ್ದರೂ ಜಾರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಬಿಚ್ಚಿಟ್ಟ ಪೇಪರ್ ತೇವ ಎಳೆದು ಒಂದಕ್ಕೊಂದು ಅಂಟುತ್ತದೆ. ಆ ದಿನಕ್ಕೆ ಬೇಕಾದಷ್ಟೇ ಟ್ರೇಗೆ ಹಾಕಿ, ಉಳಿದದ್ದನ್ನು ಪ್ಯಾಕೆಟ್ಟಿನಲ್ಲೇ ಇಡಿ.

ಇದೇ ಹೊತ್ತಿನಲ್ಲಿ ಬರುವ ಇನ್ನೊಂದು ಸದ್ದಿದೆ, ಅದು ಬೇರೆ. ಹಾಳೆ ಎಳೆಯುವಾಗ ಕರಕರ ಅಂತ ಪ್ಲಾಸ್ಟಿಕ್ ಅರೆದ ಹಾಗೆ ಬಂದರೆ ಒಳಗೆ ಏನೋ ಬಿದ್ದಿದೆ. ಹಿಂದಿನಿಂದ ಪೇಪರ್ ಹಾಕುವ ಮಾಡೆಲ್‌ಗಳಲ್ಲಿ ಆ ಬಾಯಿ ಮೇಲಕ್ಕೆ ತೆರೆದೇ ಇರುತ್ತದೆ. ಕೌಂಟರಿನ ಮೇಲಿಂದ ಪೆನ್ನಿನ ಕ್ಯಾಪು, ಸ್ಟೇಪಲ್ ಪಿನ್, ಗುಂಡುಪಿನ್, ನಾಣ್ಯ ಎಲ್ಲ ಅಲ್ಲಿಗೆ ಜಾರುತ್ತವೆ. ಹಲ್ಲಿ ಸತ್ತು ಗಿಯರಿಗೆ ಸಿಕ್ಕಿದ್ದನ್ನೂ ತೆಗೆದಿದ್ದೇವೆ. ಪ್ಲಗ್ ತೆಗೆದು, ಹಾಳೆಗಳನ್ನೆಲ್ಲ ಹೊರಗಿಟ್ಟು, ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕಂಡರೆ ಚಿಮಟದಿಂದ ತೆಗೆಯಬಹುದು. ಕಾಣದಿದ್ದರೆ ಪ್ರಿಂಟರನ್ನು ತಲೆಕೆಳಗು ಮಾಡಿ ಕೊಡವಬೇಡಿ. ಟ್ಯಾಂಕಿನ ಇಂಕು ಒಳಗೆ ಚೆಲ್ಲಿದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಕ್ಯಾರೇಜ್ ಬಲಕ್ಕೆ ಹೋಗಿ ಢಬ್ ಅಂತ ಬಡಿಯುವುದು.

ಕ್ಯಾರೇಜ್ ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳುವುದು ಒಂದು ಪಾರದರ್ಶಕ ಪಟ್ಟಿಯಿಂದ. ಬೆಲ್ಟಿನ ಹತ್ತಿರ, ಪ್ರಿಂಟರಿನ ಉದ್ದಕ್ಕೂ ಎಳೆದು ಕಟ್ಟಿರುವ ತೆಳ್ಳನೆಯ ಪ್ಲಾಸ್ಟಿಕ್ ಫಿಲ್ಮ್ ಅದು, ಎನ್‌ಕೋಡರ್ ಸ್ಟ್ರಿಪ್ ಅನ್ನುತ್ತೇವೆ. ಬರಿಗಣ್ಣಿಗೆ ಮಸುಕಾದ ಬೂದು ಪಟ್ಟಿಯಂತೆ ಕಾಣುತ್ತದೆ. ಆದರೆ ಅದರ ಮೇಲೆ ಒತ್ತೊತ್ತಾಗಿ ಸಣ್ಣ ಗೆರೆಗಳಿವೆ. ಕ್ಯಾರೇಜಿನ ಬೆನ್ನಿಗಿರುವ ಸೆನ್ಸರ್ ಒಂದೊಂದೇ ಗೆರೆ ಎಣಿಸುತ್ತಾ ಓಡುತ್ತದೆ. ಇಷ್ಟು ಗೆರೆ ಆಯಿತು, ಇನ್ನು ನಿಧಾನ ಮಾಡು, ಇಲ್ಲಿ ನಿಲ್ಲು ಅನ್ನುವ ಲೆಕ್ಕವೆಲ್ಲ ಇದರಿಂದಲೇ. ಸ್ಟ್ರಿಪ್ಪಿನ ಮೇಲೆ ಇಂಕಿನ ಮಂಜೋ ಗ್ರೀಸೋ ಕೂತರೆ ಸೆನ್ಸರ್‌ಗೆ ಗೆರೆ ಕಾಣುವುದಿಲ್ಲ, ಎಣಿಕೆ ತಪ್ಪುತ್ತದೆ. ಇನ್ನೂ ಜಾಗ ಇದೆ ಅಂದುಕೊಂಡು ಕ್ಯಾರೇಜ್ ಅದೇ ವೇಗದಲ್ಲಿ ಹೋಗಿ ಗೋಡೆಗೆ ಬಡಿಯುತ್ತದೆ. ಆಗ ಪ್ರಿಂಟರ್ ಎರರ್ ಕೊಟ್ಟು ನಿಲ್ಲುತ್ತದೆ. ಆನ್‌ಲೈನ್ ಸೆಂಟರ್ ಅಂದ ಮೇಲೆ ನೀವು ಬಾರ್ಡರ್ ಇಲ್ಲದ ಫೋಟೋ ಪ್ರಿಂಟ್ ತೆಗೆಯುತ್ತೀರಿ, ಅಲ್ವಾ? ಅದರಲ್ಲಿ ಇಂಕು ಹಾಳೆಯ ಅಂಚಿನಾಚೆಗೂ ಬೀಳುತ್ತದೆ, ಒಳಗೆ ಹಾರಾಡುವ ಮಂಜೂ ಜಾಸ್ತಿ.

ಆದರೆ ಢಬ್ ಅಂದ ಕೂಡಲೇ ಸ್ಟ್ರಿಪ್ ಅಂತ ತೀರ್ಮಾನ ಮಾಡಬೇಡಿ. ದಾರಿಗೆ ಏನೋ ಅಡ್ಡ ಬಂದರೂ ಇದೇ ಸದ್ದು, ಇದೇ ಲೈಟು. ಎರಡನ್ನೂ ಬೇರೆ ಮಾಡುವುದು ಸುಲಭ. ಸ್ಕ್ಯಾನರ್ ಭಾಗವನ್ನು ಎತ್ತಿ, ಪ್ರಿಂಟರ್ ಆನ್ ಮಾಡಿ. ಕ್ಯಾರೇಜ್ ಬಲಮೂಲೆ ಬಿಟ್ಟು ಮಧ್ಯಕ್ಕೆ ಬಂದ ಕ್ಷಣ ಪ್ಲಗ್ಗಿನ ಸ್ವಿಚ್ ಆರಿಸಿ. ಮೇಲೆ ಬೇಡ ಅಂದ ಕೆಲಸವನ್ನೇ ಇಲ್ಲಿ ಮಾಡಿಸುತ್ತಿದ್ದೇನೆ, ಆದರೆ ಕ್ಯಾರೇಜ್ ಲಾಕಿನಿಂದ ಬಿಡುಗಡೆ ಆಗಿರಬೇಕಾದರೆ ಇದೇ ದಾರಿ. ಪ್ಲಗ್ ಪೂರ್ತಿ ಕಿತ್ತ ಮೇಲೆ ಎರಡು ಬೆರಳಿನಿಂದ ಕ್ಯಾರೇಜನ್ನು ಎಡದ ತುದಿಯಿಂದ ಬಲದ ತುದಿಯವರೆಗೆ ನಿಧಾನವಾಗಿ ಸರಿಸಿ.

ಒಂದು ಜಾಗದಲ್ಲಿ ತಡೆದರೆ ಅಲ್ಲೇ ಅಡ್ಡಿಯಿದೆ. ಹರಿದ ಹಾಳೆಯ ತುಂಡು ರೈಲಿನಲ್ಲಿ ಸಿಕ್ಕಿರಬಹುದು. ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಇನ್ನೊಂದನ್ನು ತಪ್ಪದೆ ನೋಡಿ: ಟ್ಯಾಂಕಿನಿಂದ ಹೆಡ್ಡಿಗೆ ಇಂಕು ತರುವ ಚಪ್ಪಟೆ ಟ್ಯೂಬುಗಳ ಪಟ್ಟಿ. ಅದು ತನ್ನ ಕ್ಲಿಪ್ಪಿನಿಂದ ಎದ್ದು ಬಂದಿದ್ದರೆ ಮುಚ್ಚಳ ಮುಚ್ಚಿದಾಗ ಮೇಲಕ್ಕೆ ಉಜ್ಜಿ ಕ್ಯಾರೇಜನ್ನು ಹಿಡಿಯುತ್ತದೆ. ಮುಚ್ಚಳ ಎತ್ತಿದಾಗ ಸರಿ, ಮುಚ್ಚಿದರೆ ಮಾತ್ರ ಸದ್ದು ಅನ್ನುವುದು ಈ ಟ್ಯೂಬಿನ ಗುರುತು. ಕ್ಲಿಪ್ಪಿಗೆ ವಾಪಸ್ ಕೂರಿಸಿದರೆ ಮುಗಿಯಿತು. ಬಲತುದಿಯಲ್ಲೇ ತಡೆದರೆ ಕ್ಯಾಪಿನ ಭಾಗ ಮೇಲೆದ್ದು ಸಿಕ್ಕಿಕೊಂಡಿರಬಹುದು. ಅದನ್ನು ಸರ್ವಿಸಿನವರಿಗೆ ಬಿಡಿ, ಬಲವಂತ ಮಾಡಿದರೆ ಹೆಡ್ಡಿಗೆ ಪೆಟ್ಟು.

ಎಲ್ಲೂ ತಡೆಯದೆ ಒಂದೇ ಸಮನೆ ಜಾರಿದರೆ ಅನುಮಾನ ಸ್ಟ್ರಿಪ್ಪಿನ ಮೇಲೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಕಲೆ ಅಥವಾ ಎಣ್ಣೆಯ ಜಿಡ್ಡು ಕಾಣುತ್ತದೆ. ಸಾಮಾನ್ಯವಾಗಿ ಬಲಮೂಲೆಯ ಹತ್ತಿರವೇ ಜಾಸ್ತಿ, ಹೆಡ್ ಕ್ಲೀನ್ ಆಗುವುದು ಅಲ್ಲೇ ಅಲ್ವಾ. ನೂಲು ಬಿಡದ ಮೆತ್ತನೆಯ ಬಟ್ಟೆ ತೆಗೆದುಕೊಳ್ಳಿ, ಕನ್ನಡಕ ಒರೆಸುವ ಬಟ್ಟೆ ಸಾಕು. ತುದಿಯನ್ನು ನೀರಿನಲ್ಲಿ ಸ್ವಲ್ಪವೇ ಒದ್ದೆ ಮಾಡಿ. ಸ್ಟ್ರಿಪ್ಪನ್ನು ಎರಡು ಬೆರಳ ನಡುವೆ ಬಟ್ಟೆಯಿಂದ ಹಗುರವಾಗಿ ಹಿಡಿದು ಉದ್ದಕ್ಕೆ ಎಳೆಯಿರಿ. ಆಮೇಲೆ ಒಣ ಭಾಗದಿಂದ ಇನ್ನೊಂದು ಸಲ. ಸ್ಪಿರಿಟ್, ಥಿನ್ನರ್, ನೈಲ್ ಪಾಲಿಶ್ ತೆಗೆಯುವ ದ್ರವ ಬೇಡ. ಕೆಲವು ಸ್ಟ್ರಿಪ್‌ಗಳ ಗೆರೆಗಳೇ ಅಳಿಸಿಹೋಗುತ್ತವೆ, ಆಮೇಲೆ ಹೊಸ ಸ್ಟ್ರಿಪ್ಪೇ ಗತಿ. ಒರೆಸುವಾಗ ಅದು ತುದಿಯ ಕೊಕ್ಕೆಯಿಂದ ಕಳಚಿಕೊಂಡರೆ ಗಾಬರಿಯಾಗಬೇಡಿ. ವಾಪಸ್ ಸಿಕ್ಕಿಸುವಾಗ ಕ್ಯಾರೇಜಿನ ಹಿಂದಿರುವ ಸೆನ್ಸರಿನ ಸಣ್ಣ ಸೀಳಿನೊಳಗಿಂದಲೇ ಹಾದುಹೋಗಬೇಕು. ಪಕ್ಕದಿಂದ ಹೋದರೆ ಸೆನ್ಸರ್‌ಗೆ ಏನೂ ಕಾಣದೆ, ಆನ್ ಮಾಡಿದ ತಕ್ಷಣ ಮೊದಲಿಗಿಂತ ಜೋರಾಗಿ ಬಡಿಯುತ್ತದೆ.

ಪ್ಲಗ್ ಹಾಕಿ ಆನ್ ಮಾಡಿ. ಕ್ಯಾರೇಜ್ ತುದಿಯ ಹತ್ತಿರ ವೇಗ ಇಳಿಸಿ, ಮೆಲ್ಲಗೆ ಮುಟ್ಟಿ ನಿಂತರೆ ಕೆಲಸ ಆಯಿತು. ಆನ್ ಆಗುವಾಗ ಒಂದು ಸಲ ಪಕ್ಕಕ್ಕೆ ಮೆಲ್ಲಗೆ ತಾಗುವುದು ಇದ್ದದ್ದೇ, ಜಾಗ ಗುರುತಿಸಿಕೊಳ್ಳಲು ಹಾಗೆ ಮಾಡುತ್ತದೆ. ಒರೆಸಿದ ಮೇಲೂ ಬಡಿಯುತ್ತಿದ್ದರೆ ಸೆನ್ಸರೋ ಮೋಟಾರೋ ಹೋಗಿದೆ, ಅಂಗಡಿಗೆ ಕೊಡಿ.

ಕ್ಯಾರೇಜ್ ಓಡುವಾಗ ಕಿಯ್ ಅಂದರೆ ರೈಲ್ ಒಣಗಿದೆ ಅಂತ ಅರ್ಥ. ಆಗ ಕೈಗೆ ಸಿಗುವುದು ಏನು? ಹೊಲಿಗೆ ಮೆಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಕೊಬ್ಬರಿ ಎಣ್ಣೆ. ಮೂರೂ ಬೇಡ. ಎಣ್ಣೆ ಹರಿದು ಸ್ಟ್ರಿಪ್ಪಿಗೆ ತಾಗುತ್ತದೆ, ಸ್ಪ್ರೇ ಸೀದಾ ಎಲ್ಲ ಕಡೆ ಹೋಗುತ್ತದೆ. ಪೇಪರ್ ರೋಲರಿನ ತುದಿಯಲ್ಲೂ ಇಂಥದ್ದೇ ಗೆರೆಗಳಿರುವ ದುಂಡನೆಯ ಡಿಸ್ಕ್ ಇರುತ್ತದೆ, ಅದಕ್ಕೆ ತಾಗಿದರೆ ಪೇಪರ್ ಎಳೆಯುವುದೂ ಲೆಕ್ಕ ತಪ್ಪುತ್ತದೆ. ಕಿಯ್ ಸದ್ದಿನ ಜೊತೆ ಬಂದ ಪ್ರಿಂಟರುಗಳಿಗಿಂತ, ಅದಕ್ಕೆ ಎಣ್ಣೆ ಹಾಕಿ ತಂದ ಪ್ರಿಂಟರುಗಳಿಗೇ ನಮಗೆ ಕೆಲಸ ಹೆಚ್ಚು. ಹಳೇ ಜಿಡ್ಡನ್ನು ಒಣ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ಕಿಗೆ ಆಗುವ ಗ್ರೀಸನ್ನು ರೈಲಿಗೆ ತೆಳ್ಳಗೆ ಸವರಬೇಕು, ಅಷ್ಟೆ. ಕೈ ಪಳಗಿಲ್ಲದಿದ್ದರೆ ಸರ್ವಿಸಿನಲ್ಲೇ ಮಾಡಿಸಿ.

ಒಂದೇ ಲಯದಲ್ಲಿ ಟಕ್... ಟಕ್... ಟಕ್ ಅಂತ ಬರುವುದಿದ್ದರೆ ಗಿಯರಿನ ಹಲ್ಲು ಮುರಿದಿರುವ ಸಾಧ್ಯತೆ ಇದೆ. ಅದಕ್ಕೊಂದು ಪರೀಕ್ಷೆ. ಒಂದೇ ಪುಟವನ್ನು ಮೊದಲು ಡ್ರಾಫ್ಟ್‌ನಲ್ಲಿ, ಆಮೇಲೆ ಹೈ ಕ್ವಾಲಿಟಿಯಲ್ಲಿ ತೆಗೆಯಿರಿ, ಎರಡರಲ್ಲೂ ಟಕ್ ಎಣಿಸಿ. ಹೈ ಕ್ವಾಲಿಟಿಯಲ್ಲಿ ಕ್ಯಾರೇಜ್ ಎಷ್ಟೋ ಹೆಚ್ಚು ಸಲ ಓಡಾಡುತ್ತದೆ. ಆದರೆ ಎ4 ಹಾಳೆಯ ಉದ್ದ ಅದೇ 297 ಮಿಲಿಮೀಟರ್, ಹಾಗಾಗಿ ಪೇಪರ್ ಎಳೆಯುವ ಗಿಯರ್ ಅಷ್ಟೇ ಸುತ್ತು ತಿರುಗುತ್ತದೆ. ಎರಡು ಸಲವೂ ಎಣಿಕೆ ಹೆಚ್ಚುಕಡಿಮೆ ಒಂದೇ ಇದ್ದರೆ ತೊಂದರೆ ಪೇಪರಿನ ಗಿಯರಿನಲ್ಲಿ. ಹೈ ಕ್ವಾಲಿಟಿಯಲ್ಲಿ ತುಂಬ ಜಾಸ್ತಿಯಾದರೆ ಕ್ಯಾರೇಜಿನ ಬೆಲ್ಟು, ಪುಲ್ಲಿ ಕಡೆ ನೋಡಬೇಕು. ಇದನ್ನು ಹೇಳಿಕೊಟ್ಟರೆ ಮೆಕ್ಯಾನಿಕ್ ಸುಮ್ನೆ ಎಲ್ಲ ಬಿಚ್ಚುವುದು ತಪ್ಪುತ್ತದೆ.

ಲೇಸರಿನ ಕಿರ್ ಬಗ್ಗೆ. ಹಳೇ ಲೇಸರ್ ಅಂದಿದ್ದೀರಿ, ನಮ್ಮ ಕಡೆ ಸೆಂಟರುಗಳಲ್ಲಿ ಹೆಚ್ಚಾಗಿ ಕಾಣುವುದು 12ಎ ಕಾರ್ಟ್ರಿಜ್ ಅಥವಾ ಅದರ ಜೋಡಿ 303 ಹಾಕುವ ಪುಟ್ಟ ಮಷಿನ್‌ಗಳು, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಪ್ರತಿ ಹಾಳೆಗೂ ಒಂದು ಟಕ್, ಮೊದಲಿಗೆ ಕೆಲವು ಸೆಕೆಂಡ್ ಸಣ್ಣಗೆ ಸುಯ್ ಅನ್ನುವುದು, ಆಫ್ ಮಾಡಿದ ಮೇಲೆ ತಣ್ಣಗಾಗುತ್ತಾ ಚಟ್ ಚಟ್ ಅನ್ನುವುದು, ಇದ್ಯಾವುದೂ ರೋಗವಲ್ಲ. ಸುಯ್ ಅನ್ನುವುದು ಲೇಸರ್ ಬೆಳಕನ್ನು ಹಾಯಿಸುವ ಕನ್ನಡಿ ವೇಗವಾಗಿ ತಿರುಗುವ ಸದ್ದು. ಅದು ದಿನೇ ದಿನೇ ಚೀರಾಟವಾಗುತ್ತಿದ್ದರೆ ಮಾತ್ರ ತೋರಿಸಿ.

ರೀಫಿಲ್ ಆದ ಮೇಲೆ ಶುರುವಾದ ಕಿರ್ ಬಹುತೇಕ ಕಾರ್ಟ್ರಿಜ್ಜಿನದ್ದೇ. ಹಸಿರೋ ನೀಲಿಯೋ ಬಣ್ಣದ ಡ್ರಮ್ಮಿನ ಮೇಲೆ ಉಳಿದ ಟೋನರನ್ನು ಕೆರೆದು ತೆಗೆಯುವ ಒಂದು ಬ್ಲೇಡ್ ಇದೆ. ರೀಫಿಲ್ ಮಾಡುವಾಗ ಡ್ರಮ್, ಬ್ಲೇಡ್ ಎರಡನ್ನೂ ಪೂರ್ತಿ ಒರೆಸಿ, ತುದಿಗೆ ಪುಡಿ ಸವರದೆ ಹಾಗೇ ಕೂರಿಸಿದರೆ ಒಣ ಬ್ಲೇಡ್ ಡ್ರಮ್ಮಿಗೆ ಉಜ್ಜಿ ಕಿರ್ ಅನ್ನುತ್ತದೆ. ಕೆಲವು ಪುಟ ತೆಗೆದ ಮೇಲೆ ಅಲ್ಲಿ ಟೋನರ್ ಸೇರಿ ಸದ್ದು ತಾನಾಗೇ ನಿಂತರೆ ಸರಿ. ಒಂದಿಪ್ಪತ್ತು ಪುಟವಾದರೂ ನಿಲ್ಲದಿದ್ದರೆ, ಅಥವಾ ಕಿರ್ ಹೋಗಿ ಗರಗರ ಬಂದರೆ, ಕಾಯಬೇಡಿ. ಆ ಕಾರ್ಟ್ರಿಜ್ ತೆಗೆದು ಇನ್ನೊಂದನ್ನು ಹಾಕಿ ನೋಡಿ. ಸದ್ದು ನಿಂತರೆ ಪ್ರಿಂಟರ್ ಸರಿಯಿದೆ, ರೀಫಿಲ್ ಮಾಡಿದವರ ಹತ್ತಿರ ವಾಪಸ್ ಒಯ್ಯಿರಿ. ಹಳೇ ಟೋನರ್ ತುಂಬುವ ವೇಸ್ಟ್ ಡಬ್ಬಿ ಖಾಲಿ ಮಾಡಿದಿರಾ, ಡ್ರಮ್ಮಿನ ತುದಿಯ ಗಿಯರ್ ಸವೆದಿದೆಯಾ ಅಂತ ಕೇಳಿ. ಇನ್ನೊಂದು ಗುರುತೂ ಇದೆ. ಹಾಳೆಯ ಮೇಲೆ ಸುಮಾರು 75 ಮಿಲಿಮೀಟರಿಗೊಂದು ಸಲ ಅದೇ ಚುಕ್ಕೆ, ಅದೇ ಗೆರೆ ಬರುತ್ತಿದ್ದರೆ ಅದು ಈ ಡ್ರಮ್ಮಿನ ಒಂದು ಸುತ್ತಿನ ಅಳತೆ. ಸದ್ದಿಗೂ ಅದೇ ಲಯವಿದ್ದರೆ ಡ್ರಮ್ಮೇ ಬದಲಾಗಬೇಕು.

ಕಾರ್ಟ್ರಿಜ್ ಬದಲಿಸಿದರೂ ಸದ್ದು ಹೋಗದೆ, ಹಾಳೆ ಹೊರಬರುವ ಕಡೆಯಿಂದ ಚರಚರ ಅಂತ ಬಂದು, ಅಕ್ಷರ ಕೈಗೆ ಅಂಟಿದರೆ ಅಥವಾ ಹಾಳೆ ಸುಕ್ಕಾಗಿ ಬಂದರೆ ಪ್ರಿಂಟ್ ನಿಲ್ಲಿಸಿ. ಅದು ಟೋನರನ್ನು ಕಾಯಿಸಿ ಒತ್ತುವ ಫ್ಯೂಸರ್. ಅದರ ಮೇಲೆ ಕೊಳವೆಯ ಹಾಗೆ ಸುತ್ತಿರುವ ತೆಳ್ಳನೆಯ ಫಿಲ್ಮ್ ಹರಿದಿರಬಹುದು. ಹಾಗೇ ಓಡಿಸಿದರೆ ಕೆಳಗಿನ ರೋಲರೂ ಹಾಳಾಗಿ ಖರ್ಚು ಏರುತ್ತದೆ. ಕೈ ಹಾಕುವ ಮೊದಲು ಪ್ಲಗ್ ಕಿತ್ತು ಅರ್ಧ ಗಂಟೆಯಾದರೂ ಬಿಡಿ, ಚರ್ಮ ಸುಡುವಷ್ಟು ಬಿಸಿಯಿರುತ್ತದೆ.

ಯಾವುದನ್ನೇ ರಿಪೇರಿಗೆ ಒಯ್ಯುವ ಮೊದಲು ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ, ಆನ್ ಮಾಡುವಲ್ಲಿಂದ ಒಂದು ಹಾಳೆ ಹೊರಬರುವವರೆಗೆ, ಮುಚ್ಚಳದ ಹತ್ತಿರ ಹಿಡಿದು. ಬಿಟ್ಟು ಬಿಟ್ಟು ಬರುವ ಸದ್ದು ಅಂಗಡಿಯಲ್ಲಿ ನಮ್ಮೆದುರು ಬರುವುದೇ ಇಲ್ಲ. ಇಂಕ್ ಟ್ಯಾಂಕನ್ನು ಬೈಕಿನಲ್ಲಿ ಓರೆಯಾಗಿ ಹಿಡಿದು ತರಬೇಡಿ. ಬಟನ್ ಒತ್ತಿ ಆಫ್ ಮಾಡಿ ಹೆಡ್ ಬಲಮೂಲೆಯಲ್ಲಿ ಕೂತಿದೆಯೇ ನೋಡಿ, ಟ್ಯಾಂಕಿನ ಮುಚ್ಚಳಗಳನ್ನು ಒತ್ತಿ ಹಾಕಿ, ನಿಮ್ಮ ಮಾಡೆಲ್ಲಿಗೆ ಸಾಗಿಸುವಾಗ ತಿರುಗಿಸುವ ಲಾಕ್ ಇದ್ದರೆ ಅದನ್ನೂ ತಿರುಗಿಸಿ, ಆಟೋದಲ್ಲಿ ಮಟ್ಟಸವಾಗಿ ಇಟ್ಟುಕೊಂಡು ಬನ್ನಿ.